ಹುಡುಕುವವರ ಮನಸ್ಸಿನಲ್ಲಿ ಏನಿದೆ?

ಸರ್ಚ್ ಪೆಟ್ಟಿಗೆಯಲ್ಲಿ ksrtc ಎಂದಷ್ಟೇ ಬರೆಯುವವರಿಗೆ ಬಸ್ಸಿನ ಚರಿತ್ರೆ ಬೇಕಿರುವುದಿಲ್ಲ. ನಿಗಮದ ಜಾಲತಾಣಕ್ಕೆ ಹೋಗಬೇಕಿರುತ್ತದೆ, ಅಷ್ಟೆ. ‘ಬೆಂಗಳೂರಿನಿಂದ ಮೈಸೂರಿಗೆ ಎಷ್ಟು ದೂರ’ ಎನ್ನುವವರಿಗೆ ಮಾಹಿತಿ ಬೇಕು. ‘ಮೈಸೂರು ಬಸ್ ಟಿಕೆಟ್’ ಎನ್ನುವವರಿಗೆ ಕೆಲಸ ಆಗಬೇಕು. ಆಲ್ಟಾವಿಸ್ಟಾದಲ್ಲಿದ್ದ ಆಂಡ್ರೇ ಬ್ರೋಡರ್ 2002ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಹುಡುಕಾಟಗಳನ್ನು ಹೀಗೆ ಮೂರಾಗಿ ವಿಂಗಡಿಸಿದರು. ಅವರು ಪರಿಶೀಲಿಸಿದ ಹುಡುಕಾಟಗಳಲ್ಲಿ ಮಾಹಿತಿಗಾಗಿ ನಡೆದವು ಅರ್ಧದಷ್ಟೂ ಇರಲಿಲ್ಲ.

ಯಂತ್ರಕ್ಕೆ ಇದು ತಿಳಿಯುವುದು ಹೇಗೆ? ಪದಗಳು ಸುಳಿವು ಕೊಡುತ್ತವೆ. ಅದಕ್ಕಿಂತ ದೊಡ್ಡ ಸುಳಿವು ಹಿಂದಿನವರ ಕ್ಲಿಕ್ಕು. ಬಹುತೇಕರು ಒಂದೇ ತಾಣವನ್ನು ಒತ್ತಿದ್ದರೆ ಅದು ದಾರಿ ಕೇಳುವ ಹುಡುಕಾಟ. ಆಗ ಆ ತಾಣವೇ ಮೊದಲು ಬರುತ್ತದೆ, ಕೆಳಗೆ ಅದರ ಒಳಪುಟಗಳ ಕೊಂಡಿಗಳೂ ಇರುತ್ತವೆ. ದೂರ ಕೇಳಿದರೆ ಉತ್ತರ, ನಕ್ಷೆ ಅಲ್ಲೇ ಸಿಗುತ್ತವೆ. ಟಿಕೆಟ್ ಎಂದರೆ ಬುಕಿಂಗ್ ತಾಣಗಳು, ಜಾಹೀರಾತುಗಳು ಮುಂದೆ ಬರುತ್ತವೆ.

ಆದರೆ ksrtc ಎಂಬ ಹೆಸರು ಕೇರಳದ ಸಾರಿಗೆ ನಿಗಮಕ್ಕೂ ಇದೆ. ಅಕ್ಷರ ಒಂದೇ, ಗುರಿ ಎರಡು. ಇಂಥಲ್ಲಿ ಯಂತ್ರ ನೀವಿರುವ ಊರನ್ನು ನೋಡಿ ಊಹಿಸುತ್ತದೆ. ಕೊಚ್ಚಿಯಲ್ಲಿರುವ ಕನ್ನಡಿಗರ ವಿಷಯದಲ್ಲಿ ಆ ಊಹೆ ತಪ್ಪಬಹುದು, ‘ಕರ್ನಾಟಕ’ ಎಂದು ಸೇರಿಸಿದರೆ ಸರಿಹೋಗುತ್ತದೆ.

ಹಣ ಕೊಟ್ಟವರ ಜಾಹೀರಾತು ನಿಜವಾದ ತಾಣಕ್ಕಿಂತ ಮೇಲೆ ಕೂರುವುದೂ ಉಂಟು. ಹಣ ಪಾವತಿಸುವ ಮುನ್ನ ದಯವಿಟ್ಟು ವಿಳಾಸ ಪಟ್ಟಿಯನ್ನು ಓದಿ: ನಮ್ಮ ನಿಗಮದ್ದು ksrtc.in.