ಅಜ್ಜಿಯ ಮಡಿಲಲ್ಲಿ 160 ಕೆ.ಜಿ.

ಹಬ್ಬ ಮುಗಿಸಿಕೊಂಡು ತಿಪಟೂರು ಕಡೆಯ ನಮ್ಮ ಊರಿನಿಂದ ಬೆಂಗಳೂರಿಗೆ ಹೊರಡುವಾಗ ಅಂಗಳದಲ್ಲಿ ಕಾಲು ಗಂಟೆ ವಾದ ನಡೆಯಿತು. ಮಗಳಿಗೆ ಆಗ ಹದಿನಾಲ್ಕು ತಿಂಗಳು, ತೂಕ 10 ಕೆ.ಜಿ. ಕಾರಿನ ಹಿಂದಿನ ಸೀಟಿನಲ್ಲಿ ಅವಳ ಚೈಲ್ಡ್ ಸೀಟ್ ಕಟ್ಟಿದ್ದೆ. ಅದು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸುವ ಬಗೆಯದು. ಅಮ್ಮ ಅದನ್ನು ನೋಡಿದ್ದೇ, "ಮಗೂನ ಹಿಂಗೆ ಕಟ್ಟಿ ಹಾಕೋದೇನೋ? ನನ್ನ ತೊಡೆ ಮೇಲೆ ಮಲಗಿದ್ರೆ ಊರು ಬರೋ ತನಕ ಏಳಲ್ಲ. ನಿನ್ನನ್ನೂ ಹಂಗೇ ಅಲ್ವಾ ಸಾಕಿದ್ದು?" ಅಂದಳು. ಅಪ್ಪ ನಡುವಿನ ದಾರಿ ಹುಡುಕಿದರು: "ಮುಂದೆ ನಾನು ಕೂತ್ಕೋತೀನಿ, ಮಗೂನ ನಾನೇ ಎತ್ಕೋತೀನಿ ಬಿಡು."

ಈ ಎರಡು ಮಾತನ್ನೂ ಪ್ರೀತಿಯಿಂದಲೇ ಆಡುತ್ತಾರೆ, ಎಲ್ಲ ಮನೆಗಳಲ್ಲೂ. ಅದಕ್ಕೇ ಅವನ್ನು ತಳ್ಳಿಹಾಕುವುದು ಕಷ್ಟ. ಅಂಗಳದಲ್ಲಿ ನಿಂತು ನಾನು ಅಮ್ಮನಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗಂಟೆಗೆ 50 ಕಿ.ಮೀ. ದೊಡ್ಡ ವೇಗ ಎಂದು ಯಾರಿಗೂ ಅನ್ನಿಸುವುದಿಲ್ಲ. ಆ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತಿರುತ್ತದೆ, ಒಳಗೆ ಕೂತವರೂ ಅಷ್ಟೇ ವೇಗದಲ್ಲಿರುತ್ತಾರೆ. ಕಾರು ಹೋಗಿ ಮರಕ್ಕೋ ನಿಂತ ಲಾರಿಯ ಹಿಂಬದಿಗೋ ಗುದ್ದಿತು ಅನ್ನಿ. ಬಾನೆಟ್ಟು 60 ಸೆಂಟಿಮೀಟರಿನಷ್ಟು ನುಗ್ಗಾಗಿ ಕಾರು ನಿಲ್ಲುತ್ತದೆ. ಇದಕ್ಕೆ ಹಿಡಿಯುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಕಾರಿನ ಜೊತೆಗೇ ಮಗುವೂ ನಿಲ್ಲಬೇಕಾದರೆ ಅದರ ತೂಕದ ಸುಮಾರು 16 ಪಟ್ಟು ಬಲದಿಂದ ಅದನ್ನು ಹಿಡಿದುಕೊಳ್ಳಬೇಕು. 10 ಕೆ.ಜಿ.ಯ ಮಗುವಿಗೆ 160 ಕೆ.ಜಿ. ಅಂದರೆ ಐವತ್ತು ಕೆ.ಜಿ.ಯ ಮೂರು ಮೂಟೆಗಿಂತ ಹೆಚ್ಚು. ಮೊದಲೇ ಗೊತ್ತಿದ್ದು ಸಿದ್ಧವಾಗಿ ನಿಂತರೂ ಯಾವ ತೋಳಿಗೂ ಆಗದ ಕೆಲಸ ಇದು. ಅಜ್ಜಿ ಅರೆನಿದ್ದೆಯಲ್ಲಿದ್ದರಂತೂ ಕೈ ಬಿಗಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಕೈಜಾರಿದ ಮಗು ಅದೇ 50 ಕಿ.ಮೀ. ವೇಗದಲ್ಲಿ ಮುಂದಿನ ಸೀಟಿನ ಬೆನ್ನಿಗೆ ಬಡಿಯುತ್ತದೆ. ಸುಮಾರು ಹತ್ತು ಮೀಟರ್ ಎತ್ತರದಿಂದ, ಮೂರಂತಸ್ತಿನ ಮನೆಯ ತಾರಸಿಯಿಂದ, ಕೆಳಗೆ ಬಿದ್ದಾಗ ಆಗುವ ಹೊಡೆತವೂ ಇಷ್ಟೇ.

"ಹಂಗಾದ್ರೆ ನನ್ನ ಬೆಲ್ಟ್ ಒಳಗೇ ಅವಳನ್ನೂ ಸೇರಿಸ್ಕೋತೀನಿ" ಅಂದಳು ಅಮ್ಮ. ತುಂಬ ಜನ ಹೀಗೆ ಮಾಡುತ್ತಾರೆ, ಇದು ಬರೀ ತೊಡೆಯ ಮೇಲೆ ಕೂರಿಸಿಕೊಳ್ಳುವುದಕ್ಕಿಂತಲೂ ಅಪಾಯ. ಅಮ್ಮನ ತೂಕ 55 ಕೆ.ಜಿ. ಅದರ 16 ಪಟ್ಟು ಅಂದರೆ ಒಂಬೈನೂರು ಕೆ.ಜಿ.ಯ ಹತ್ತಿರ. ಬೆಲ್ಟಿಗೂ ಅವಳ ಮೈಗೂ ನಡುವೆ ಸಿಕ್ಕಿಕೊಂಡ ಮಗುವಿನ ಮೇಲೆ ಆ ಭಾರವೆಲ್ಲ ಬೀಳುತ್ತದೆ.

ಅಪ್ಪ ಹೇಳಿದ ಮುಂದಿನ ಸೀಟಿನಲ್ಲಿ ಇನ್ನೊಂದು ಅಪಾಯವಿದೆ: ಏರ್‌ಬ್ಯಾಗ್. ಅದು ಕಣ್ಣೆವೆ ಮಿಟುಕಿಸುವುದರೊಳಗೆ ಉಬ್ಬಿ ಬರುವಂಥದ್ದು, ಬೆಲ್ಟ್ ಹಾಕಿ ಒರಗಿ ಕೂತ ದೊಡ್ಡವರ ಎದೆಗೆ ಎಂದು ಲೆಕ್ಕ ಹಾಕಿ ಮಾಡಿದ್ದು. ತೊಡೆಯ ಮೇಲಿನ ಮಗುವಿನ ತಲೆ ಅದರ ಬಾಯಿಗೇ ಇರುತ್ತದೆ. ಹಿಂದಕ್ಕೆ ಮುಖ ಮಾಡಿದ ಚೈಲ್ಡ್ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಸೀಟಿನ ಮೇಲೆ ಯಾವ ಕಾರಣಕ್ಕೂ ಇಡಬಾರದು ಎನ್ನುವುದೂ ಇದಕ್ಕೇ. ಮುಂದಿನ ಸೀಟಿನ ಬಿಸಿಲುಮರೆಯನ್ನು ಇಳಿಸಿ ನೋಡಿ. ಗೀಟು ಹೊಡೆದ ಮಗುವಿನ ಚಿತ್ರ ಅಲ್ಲೇ ಅಂಟಿಸಿರುತ್ತಾರೆ.

ಹಿಂದಕ್ಕೆ ಮುಖ ಮಾಡಿಯೇ ಯಾಕೆ ಕೂರಿಸಬೇಕು? ಎಳೆ ಮಗುವಿನ ದೇಹದಲ್ಲಿ ತಲೆಯ ಪಾಲು ಬಹಳ. ಹುಟ್ಟಿದಾಗ ಉದ್ದದಲ್ಲಿ ಕಾಲು ಭಾಗ ತಲೆಯೇ ಇರುತ್ತದೆ. ಅದನ್ನು ಹೊರುವ ಕತ್ತಿನ ಮೂಳೆಗಳು ಇನ್ನೂ ಮೃದು, ಅವನ್ನು ಕಟ್ಟಿದ ನರಪಟ್ಟಿಗಳು ಸಡಿಲ. ಮುಂದಕ್ಕೆ ನೋಡುತ್ತ ಕೂತಿದ್ದರೆ ಗುದ್ದಿದ ಕ್ಷಣ ಪಟ್ಟಿಗಳು ಎದೆಯನ್ನು ಹಿಡಿದುಕೊಳ್ಳುತ್ತವೆ, ತಲೆ ಮಾತ್ರ ಮುಂದಕ್ಕೆ ಜಗ್ಗುತ್ತದೆ, ಜಗ್ಗಾಟವೆಲ್ಲ ಕತ್ತಿನ ಮೇಲೆ. ಹಿಂದಕ್ಕೆ ಮುಖವಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಚಿಪ್ಪಿಗೆ ಒತ್ತಿಕೊಳ್ಳುತ್ತವೆ. ಅಂಗೈಯಲ್ಲಿ ಹಿಡಿದುಕೊಂಡ ಹಾಗೆ. ಯುರೋಪಿನ ಈಗಿನ ನಿಯಮ ಹದಿನೈದು ತಿಂಗಳವರೆಗಾದರೂ ಹೀಗೇ ಕೂರಿಸಬೇಕು ಎನ್ನುತ್ತದೆ. ಸೀಟಿನ ಅಳತೆಗೆ ಹೊಂದುವವರೆಗೆ ಇನ್ನೂ ಹೆಚ್ಚು ದಿನ ಹಾಗೆಯೇ ಇಡುವುದು ಒಳ್ಳೆಯದು. ಕಾಲು ಮಡಚಿಕೊಂಡಿರುತ್ತದಲ್ಲ ಎಂದು ಚಿಂತೆ ಬೇಡ, ಮಕ್ಕಳಿಗೆ ಅದು ತೊಂದರೆಯಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಲ್ಲಿ ಎರಡು ಮಾತಿವೆ. ಬೆಲ್ಟ್ ಹಾಕದೆ ಓಡಿಸಿದರೆ ಅಥವಾ ಬೆಲ್ಟ್ ಹಾಕದವರನ್ನು ಕೂರಿಸಿಕೊಂಡು ಹೋದರೆ ಸಾವಿರ ರೂಪಾಯಿ ದಂಡ. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಚೈಲ್ಡ್ ಸೀಟಿನಿಂದಾಗಲಿ ಭದ್ರಪಡಿಸದಿದ್ದರೂ ಸಾವಿರ. ಓಡಿಸಿದವರ ಮೇಲಷ್ಟೇ ಅಲ್ಲ, ಓಡಿಸಲು ಬಿಟ್ಟವರ ಮೇಲೂ ಹೊಣೆಯಿದೆ. ಹಿಂದಿನ ಸೀಟಿನವರಿಗೂ ಬೆಲ್ಟ್ ಎನ್ನುವುದು ಕೇಂದ್ರ ಮೋಟಾರು ವಾಹನ ನಿಯಮ 138ರಲ್ಲೇ ಇದೆ. ಆದರೂ 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಳ್ಳುವವರೆಗೆ ಅದು ಬಹಳ ಜನರಿಗೆ ಗೊತ್ತೇ ಇರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದರು ಪೊಲೀಸರು. ಮುಂದಿದ್ದ ಇಬ್ಬರು ಗಾಯಗೊಂಡರೂ ಬದುಕಿದರು.

ಕಾಯ್ದೆಯ "ಬೆಲ್ಟ್ ಅಥವಾ ಚೈಲ್ಡ್ ಸೀಟ್" ಎಂಬ ಮಾತಿನಲ್ಲಿ ನನಗೊಂದು ಕೊರತೆ ಕಾಣುತ್ತದೆ. ನಾಲ್ಕು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಬಿಗಿದರೆ ದಂಡ ತಪ್ಪಬಹುದು, ಪೆಟ್ಟು ತಪ್ಪುವುದಿಲ್ಲ. ಬೆಲ್ಟ್ ಕೆಲಸ ಮಾಡುವುದು ಅದು ಗಟ್ಟಿ ಮೂಳೆಯ ಮೇಲೆ ಕೂತಾಗ: ಕೆಳಗಿನ ಪಟ್ಟಿ ಸೊಂಟದ ಮೂಳೆಯ ಮೇಲೆ, ಮೇಲಿನದು ಭುಜದ ನಡುವೆ. ಚಿಕ್ಕ ಮಕ್ಕಳ ಸೊಂಟದ ಮೂಳೆಗೆ ಬೆಲ್ಟ್ ತಡೆಯುವಷ್ಟು ಏಣು ಇನ್ನೂ ಬಂದಿರುವುದಿಲ್ಲ. ಪಟ್ಟಿ ಜಾರಿ ಹೊಟ್ಟೆಗೆ ಏರುತ್ತದೆ, ಕರುಳಿಗೂ ಬೆನ್ನುಮೂಳೆಗೂ ಪೆಟ್ಟಾಗುತ್ತದೆ. ಹೊರಗೆ ಹೊಟ್ಟೆಗೆ ಅಡ್ಡಲಾಗಿ ಒಂದು ಬರೆ ಬಿಟ್ಟರೆ ಏನೂ ಕಾಣದೆ ಹೋಗಬಹುದು. ಹಾಗೆ ಬರೆ ಕಂಡರೆ, ಮಗು ಆಡಿಕೊಂಡಿದ್ದರೂ ಆಸ್ಪತ್ರೆಗೆ ತೋರಿಸಲೇಬೇಕು. ಬೂಸ್ಟರ್ ಎಂಬ ಎತ್ತರದ ಆಸನ ಮಾಡುವುದು ಇಷ್ಟೇ, ಮಗುವನ್ನು ಮೇಲೆತ್ತಿ ಬೆಲ್ಟು ಸರಿಯಾದ ಮೂಳೆಯ ಮೇಲೆ ಬರುವಂತೆ ಮಾಡುವುದು. ಮಗು ಬೆನ್ನನ್ನು ಪೂರ್ತಿ ಒರಗಿಸಿ ಕೂತಾಗ ಮೊಣಕಾಲು ಸೀಟಿನ ಅಂಚಿಗೆ ಮಡಚಬೇಕು, ಕೆಳಪಟ್ಟಿ ತೊಡೆಯ ಬುಡದಲ್ಲಿ ಕೂರಬೇಕು, ಮೇಲ್ಪಟ್ಟಿ ಕುತ್ತಿಗೆಗೆ ತಾಗಬಾರದು. ಇಷ್ಟಾಗುವವರೆಗೆ ಬೂಸ್ಟರ್ ಬೇಕು. ಮಗು ನಾಲ್ಕೂವರೆ ಅಡಿ ದಾಟಿದ ಮೇಲೆಯೇ ಸಾಮಾನ್ಯವಾಗಿ ಇದು ಆಗುವುದು.

ಸೀಟು ಕೊಂಡರೆ ಕೆಲಸ ಮುಗಿಯುವುದಿಲ್ಲ. ನಮ್ಮ ಕಾರಿನಲ್ಲಿ ಮೊದಲ ಸಲ ಅದನ್ನು ಕಟ್ಟಲು ಹೋದಾಗ ಹಿಂದಿನ ಬೆಲ್ಟಿನ ಬಕಲ್ಲೇ ಸಿಗಲಿಲ್ಲ. ಹೊಸ ಸೀಟ್ ಕವರ್ ಹೊದಿಸಿದವರು ಅದನ್ನು ಒಳಗೇ ತುರುಕಿ ಹೊಲಿದಿದ್ದರು. ಕವರ್ ಬಿಚ್ಚಿ, ತೂತು ದೊಡ್ಡದು ಮಾಡಿ ಹೊರಗೆ ತೆಗೆಯಬೇಕಾಯಿತು. ಬಾಡಿಗೆ ಕಾರುಗಳಲ್ಲೂ ಇದನ್ನೇ ನೋಡುತ್ತೇನೆ, ಹೊರಡುವ ಮೊದಲು "ಬಕಲ್ ತೆಗೆದುಕೊಡಿ" ಎಂದು ಕೇಳಲು ಸಂಕೋಚ ಬೇಡ. ಈಚಿನ ಕಾರುಗಳಲ್ಲಿ ಹಿಂದಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಎರಡು ಕಬ್ಬಿಣದ ಕೊಂಡಿಗಳಿರುತ್ತವೆ. ಅದಕ್ಕೆ ಹೊಂದುವ ಸೀಟಾದರೆ ಟಕ್ ಎಂದು ಕೂರುತ್ತದೆ. ಕಟ್ಟಿದ ಮೇಲೆ ಬೆಲ್ಟ್ ಹಾಯುವ ಜಾಗದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿ ನೋಡಬೇಕು. ಒಂದು ಅಂಗುಲಕ್ಕಿಂತ ಹೆಚ್ಚು ಆಡಿದರೆ ಬಿಗಿ ಸಾಲದು. ಮಗುವಿನ ಭುಜದ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಬೆರಳಿಗೆ ಸಿಕ್ಕರೆ ಇನ್ನೂ ಸಡಿಲ. ಇಲ್ಲಿ ನಮ್ಮ ಅಜ್ಜಿಯರ ಉಣ್ಣೆ ಶಾಲು ಅಡ್ಡ ಬರುತ್ತದೆ. ದಪ್ಪಗೆ ಸುತ್ತಿದ ಮೇಲೆ ಪಟ್ಟಿ ಬಿಗಿಯಾದಂತೆ ಕಾಣುತ್ತದೆ, ಗುದ್ದಿದಾಗ ಉಣ್ಣೆಯೆಲ್ಲ ಅಮುಕಿ ಪಟ್ಟಿ ಜೋಲಾಗುತ್ತದೆ. ಮೊದಲು ಪಟ್ಟಿ ಬಿಗಿದು, ಶಾಲನ್ನು ಅದರ ಮೇಲೆ ಹೊದಿಸಿದರೆ ಆಯಿತು.

ಆ ದಿನ ಅಂಗಳದಲ್ಲಿ ಇನ್ನೂ ಎರಡು ವಿಷಯ ಇತ್ಯರ್ಥವಾಗಬೇಕಿತ್ತು. ಐವತ್ತು ತೆಂಗಿನಕಾಯಿಯ ಚೀಲ ಡಿಕ್ಕಿಯಲ್ಲಿತ್ತು, ಉಳಿದ ಹತ್ತನ್ನು ಅಪ್ಪ ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದರು. ಕಾರು ಗಕ್ಕನೆ ನಿಂತರೆ ಆ ಕಾಯಿಗಳು ನಿಲ್ಲುವುದಿಲ್ಲ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹಿಂದಿನಿಂದ ಎಸೆದ ಹಾಗೆ ತಲೆಗಳ ಕಡೆಗೇ ಬರುತ್ತವೆ. ಎಲ್ಲವನ್ನೂ ಕೆಳಗಿಳಿಸಿದೆವು. ಚೀಲವನ್ನು ಡಿಕ್ಕಿಯ ನೆಲಕ್ಕೆ, ಸೀಟಿನ ಬೆನ್ನಿಗೆ ಒತ್ತಿ ಮಲಗಿಸಿ ಹಗ್ಗ ಬಿಗಿದೆವು. ನಡುವೆ ಜಾಗ ಬಿಟ್ಟರೆ ಚೀಲ ವೇಗ ಪಡೆದು ಬಂದು ಬಡಿಯುತ್ತದೆ. ಮಡಚುವ ಸೀಟಾದ್ದರಿಂದ ಅದರ ಬೆನ್ನು ಕೊಂಡಿಗೆ ಪೂರ್ತಿ ಸಿಕ್ಕಿದೆಯೇ ಎಂದು ಮುಂದಕ್ಕೆ ಎಳೆದು ನೋಡಿದೆ.

ಬೆಲ್ಟ್ ಹಾಕದ ಮನುಷ್ಯನೂ ಹೀಗೆಯೇ ಒಂದು ಸಡಿಲ ಮೂಟೆ. ಜಪಾನಿನ ಅಪಘಾತ ದಾಖಲೆಗಳನ್ನು ನೋಡಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹಿಂದಿನವರು ಬೆಲ್ಟ್ ಹಾಕದಿದ್ದರೆ ಮುಂದೆ ಬೆಲ್ಟ್ ಹಾಕಿ ಕೂತವರು ಸಾಯುವ ಸಂಭವ ಸುಮಾರು ಐದು ಪಟ್ಟಾಗುತ್ತದೆ. ಹೊರಡುವ ಹೊತ್ತಿಗೆ ಚಿಕ್ಕಪ್ಪ ಬಂದು, "ತುಮಕೂರು ತನಕ ನಾನೂ ಬರ್ತೀನಿ ಕಣಪ್ಪ, ಸಂದೀಲಿ ಕೂತ್ಕೋತೀನಿ" ಅಂದಾಗ ಇದೇ ನೆನಪಾಯಿತು. ಐದು ಬೆಲ್ಟಿನ ಕಾರು, ನಾವು ನಾಲ್ವರು, ಮತ್ತು ಚೈಲ್ಡ್ ಸೀಟ್. ಇಲ್ಲ ಅನ್ನುವುದು ಬಹಳ ಕಷ್ಟವಾಯಿತು. ಅವರನ್ನು ಬೈಕಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟುಬಂದು ಆಮೇಲೆ ಹೊರಟೆವು. ಬಾಡಿಗೆ ಗಾಡಿಯಾಗಿದ್ದರೆ ಅನುಮತಿ ಮೀರಿದ ಪ್ರತಿ ಪ್ರಯಾಣಿಕನಿಗೆ 200 ರೂಪಾಯಿ ದಂಡವಿದೆ. ಹೆಚ್ಚಿನವರನ್ನು ಇಳಿಸುವವರೆಗೆ ಗಾಡಿ ಮುಂದೆ ಹೋಗುವಂತೆಯೂ ಇಲ್ಲ.

ಸ್ಕೂಟರಿನಲ್ಲೇ ಸಂಸಾರ ಸಾಗಿಸುವವರಿಗೂ 2022ರಲ್ಲಿ ನಿಯಮ ಬಂದಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವನ್ನು ಓಡಿಸುವವರ ಮೈಗೆ ಪಟ್ಟಿಯಿಂದ ಕಟ್ಟಿಕೊಳ್ಳಬೇಕು, ಮಗುವಿನ ಅಳತೆಯ ಹೆಲ್ಮೆಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು. ಮುಂದೆ ಹ್ಯಾಂಡಲ್ ಹಿಡಿದು ನಿಂತ ಮಗುವಿಗೆ ಬ್ರೇಕ್ ಹಾಕಿದಾಗ ಎದುರಿಗಿರುವುದು ಆ ಹ್ಯಾಂಡಲ್ಲೇ.

ಮಗಳು ಗುಬ್ಬಿ ದಾಟುವವರೆಗೆ ಅತ್ತಳು. ಪಕ್ಕದಲ್ಲಿ ಬೆಲ್ಟ್ ಹಾಕಿ ಕೂತ ಅಮ್ಮ ಅವಳ ಕಾಲು ತಟ್ಟುತ್ತ ಹಾಡು ಹೇಳಿದಳು, ಆಮೇಲೆ ಇಬ್ಬರೂ ನಿದ್ದೆ ಹೋದರು. ಮಗುವಿನ ತಲೆ ಚಿಪ್ಪಿನ ಮೇಲಂಚಿಗೆ ಒಂದು ಅಂಗುಲದಷ್ಟು ಹತ್ತಿರ ಬಂದರೆ ಹಿಂದಕ್ಕೆ ಮುಖದ ಆ ಸೀಟು ಚಿಕ್ಕದಾಯಿತು ಎಂದು ಅರ್ಥ. ಈಗ ಪ್ರತಿ ಸಲ ಊರಿಗೆ ಹೊರಡುವ ಮುಂಚೆ ಅಮ್ಮನೇ ಬೆರಳಿಟ್ಟು ಅಳೆಯುತ್ತಾಳೆ. ಹೋದ ವಾರ ಇನ್ನೂ ಮೂರು ಬೆರಳು ಜಾಗವಿತ್ತು.