ಡಾಟಾ ಎಂಟ್ರಿ ಕೈಗಳ ಪರವಾಗಿ ಒಂದು ಪತ್ರ

‘ಸಿಬ್ಬಂದಿಗೆ ಕೈನೋವು ಹೆಚ್ಚುತ್ತಿದೆ. ದಯಮಾಡಿ ಎಲ್ಲರಿಗೂ ಎರ್ಗೊನಾಮಿಕ್ ಕೀಬೋರ್ಡ್ ಮತ್ತು ರಿಸ್ಟ್ ರೆಸ್ಟ್ ಕೊಡಿಸಬೇಕಾಗಿ ವಿನಂತಿ.’ ಡಾಟಾ ಎಂಟ್ರಿ ವಿಭಾಗದ ಮೇಲ್ವಿಚಾರಕರು ಮ್ಯಾನೇಜರಿಗೆ ಬರೆಯುವ ಪತ್ರ ಬಹಳ ಸಲ ಇಷ್ಟಕ್ಕೇ ಮುಗಿಯುತ್ತದೆ. ಯಾರಿಗೆ ನೋವು, ಕೈಯಲ್ಲಿ ಎಲ್ಲಿ, ಯಾವ ಕೆಲಸ ಮಾಡುವಾಗ, ಈ ಸಾಮಾನು ಬಂದರೆ ಅದು ಹೇಗೆ ತಗ್ಗುತ್ತದೆ? ಓದುವ ಮ್ಯಾನೇಜರ್ ಮನಸ್ಸಿನಲ್ಲಿ ಏಳುವ ಈ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಹಾಗಾಗಿ ಪತ್ರ ಫೈಲು ಸೇರುತ್ತದೆ. ಕೆಲವು ಕಡೆ ಕೇಳಿದ್ದೆಲ್ಲ ಮಂಜೂರಾಗಿ ಬಂದರೂ ನೋವು ಮಾತ್ರ ಇದ್ದಲ್ಲೇ ಇರುತ್ತದೆ. ಇದು ಇನ್ನೂ ಬೇಸರದ ಸಂಗತಿ, ಏಕೆಂದರೆ ಎರಡನೇ ಸಲ ಕೇಳಲು ಮೇಲ್ವಿಚಾರಕರಿಗೆ ಬಾಯಿ ಬರುವುದಿಲ್ಲ.

ಒಳ್ಳೆಯ ಪತ್ರ ಕೈಯಿಂದ ಶುರುವಾಗಬೇಕು, ಸಾಮಾನಿನಿಂದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಹೇಗೆಂದು ನೋಡಲು ಬೆಂಗಳೂರಿನ ಒಂದು ಸಣ್ಣ ಘಟಕವನ್ನು ಕಲ್ಪಿಸಿಕೊಳ್ಳೋಣ. 18 ಜನ ಕೆಲಸಗಾರರು. 11 ಜನ ಕೈಬರಹದ ಅರ್ಜಿಗಳನ್ನು ನೋಡಿ ನುಡಿಯಲ್ಲಿ ಕನ್ನಡ ಟೈಪ್ ಮಾಡುತ್ತಾರೆ. ಉಳಿದ 7 ಜನ ರಸೀದಿ ಸಂಖ್ಯೆ, ಮೊತ್ತ, ದಿನಾಂಕಗಳನ್ನು ತುಂಬುತ್ತಾರೆ. ಗಂಟೆಗೆ 8,000 ಕೀ ಒತ್ತಬೇಕೆಂಬ ಗುರಿ ಈ ಉದ್ಯಮದಲ್ಲಿ ಸಾಮಾನ್ಯ. ಏಳು ಗಂಟೆ ಕೂತರೆ ದಿನಕ್ಕೆ 56,000 ಸಲ ಬೆರಳು ಕೆಳಗಿಳಿದು ಮೇಲೇಳುತ್ತದೆ.

ಮೇಲ್ವಿಚಾರಕರು ಮೊದಲು ಮಾಡಬೇಕಾದ್ದು, ಎರಡೂ ಕೈಗಳ ಚಿತ್ರವಿರುವ ಒಂದೊಂದು ಹಾಳೆ ಎಲ್ಲರಿಗೂ ಕೊಟ್ಟು, ನೋವು ಅಥವಾ ಜೋಮು ಇರುವ ಕಡೆ ಗುರುತು ಹಾಕಲು ಹೇಳುವುದು. ಹೆಸರು ಬೇಡ, ಮಾಡುವ ಕೆಲಸ ಬರೆದರೆ ಸಾಕು. ಹೆಸರು ಕೇಳಿದರೆ ಕೆಲಸ ಹೋದೀತೆಂಬ ಭಯಕ್ಕೆ ಅರ್ಧ ಜನ ಖಾಲಿ ಹಾಳೆ ವಾಪಸು ಕೊಡುತ್ತಾರೆ. ಗುರುತು ಬಿದ್ದ ಜಾಗವೇ ಎಷ್ಟೋ ವಿಷಯ ಹೇಳುತ್ತದೆ. ಅಂಗೈ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಮೂಳೆಗಳ ಮೇಲೆ ಒಂದು ಗಟ್ಟಿ ಪಟ್ಟಿ ಹಾದು ಇಕ್ಕಟ್ಟಾದ ಸುರಂಗವೊಂದು ಇದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಅದರೊಳಗೇ ಸಾಗಬೇಕು. ಆ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ. ಮಣಿಕಟ್ಟು ಮೇಲಕ್ಕೆ ಬಾಗಿದಾಗ ಅಥವಾ ಅಂಗೈ ಬುಡದ ಮೇಲೆ ಭಾರ ಬಿದ್ದಾಗ ಸುರಂಗದೊಳಗೆ ಒತ್ತಡ ಏರುತ್ತದೆ. ಆದ್ದರಿಂದ ಈ ಮೂರೂವರೆ ಬೆರಳಿನಲ್ಲಿ ಜೋಮು ಇದ್ದರೆ ಮಣಿಕಟ್ಟಿನ ಭಂಗಿ ನೋಡಬೇಕು. ಕಿರುಬೆರಳಿನ ಕಡೆ ಜೋಮು ಇದ್ದರೆ ಮೊಣಕೈಯನ್ನು ಮೇಜಿನ ಚೂಪು ಅಂಚಿಗೆ ಊರಿ ಕೂರುತ್ತಾರೆಯೇ ನೋಡಬೇಕು. ಆ ಬೆರಳಿನ ನರ ಬೇರೆ, ಅದು ಮೊಣಕೈ ಹಿಂದೆ ಚರ್ಮದ ಅಡಿಯಲ್ಲೇ ಹಾದುಹೋಗುತ್ತದೆ.

ಎರಡನೇ ಕೆಲಸ, ಒಪ್ಪಿದವರ ಕೈಯ ಫೋಟೊವನ್ನು ಕೆಲಸದ ನಡುವೆ ಪಕ್ಕದಿಂದ ಮೊಬೈಲಿನಲ್ಲಿ ತೆಗೆಯುವುದು. ಮುಂಗೈ ಮತ್ತು ಹಸ್ತದ ಹಿಂಭಾಗ ಒಂದೇ ನೇರದಲ್ಲಿರಬೇಕು. ನಮ್ಮ ಕಚೇರಿಗಳಲ್ಲಿ ಹೀಗಿರುವುದು ಕಡಿಮೆ. ಮಾಮೂಲು ಮೇಜು ಸುಮಾರು 75 ಸೆಂಟಿಮೀಟರ್ ಎತ್ತರ. ಗಿಡ್ಡಗಿರುವವರು, ವಿಶೇಷವಾಗಿ ಹೆಣ್ಣುಮಕ್ಕಳು, ಪಾದ ನೆಲಕ್ಕೆ ತಾಗುವಂತೆ ಕುರ್ಚಿ ತಗ್ಗಿಸಿ ಕೂತರೆ ಮೊಣಕೈ ಮೇಜಿಗಿಂತ ಕೆಳಗೆ ಉಳಿಯುತ್ತದೆ. ಭುಜ ಎತ್ತಿ, ಮಣಿಕಟ್ಟು ಮೇಲಕ್ಕೆ ಬಾಗಿಸಿಯೇ ಟೈಪ್ ಮಾಡಬೇಕಾಗುತ್ತದೆ. ಇದರ ಮೇಲೆ ಕೀಬೋರ್ಡಿನ ಹಿಂದಿನ ಎರಡು ಪುಟ್ಟ ಕಾಲುಗಳನ್ನೂ ಎತ್ತಿ ನಿಲ್ಲಿಸಿರುತ್ತಾರೆ, ಅಕ್ಷರ ಚೆನ್ನಾಗಿ ಕಾಣಲಿ ಅಂತ. ಆ ಕಾಲುಗಳನ್ನು ಮಡಚಿದರೆ ಮಣಿಕಟ್ಟಿನ ಬಾಗು ಆಗಲೇ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಆಮೇಲೆ ಕುರ್ಚಿ ಎತ್ತರಿಸಿ ಕಾಲಡಿಗೆ ಮಣೆ ಕೊಡಬೇಕು, ಇಲ್ಲವೇ ಮೇಜಿನ ಕೆಳಗೆ ಕೀಬೋರ್ಡ್ ಟ್ರೇ ಹಾಕಿಸಬೇಕು. ಇಷ್ಟೂ ಮಾಡದೆ ದುಬಾರಿ ಕೀಬೋರ್ಡನ್ನು ಅದೇ ಎತ್ತರದ ಮೇಜಿನ ಮೇಲಿಟ್ಟರೆ ಹಣ ದಂಡ.

ಕನ್ನಡ ಟೈಪ್ ಮಾಡುವವರ ಕೈಗೆ ಅದರದೇ ಒಂದು ಕಷ್ಟವಿದೆ. ನುಡಿಯ ಕೀಲಿ ವಿನ್ಯಾಸದಲ್ಲಿ ದೀರ್ಘ ಸ್ವರಕ್ಕೂ ಮಹಾಪ್ರಾಣಕ್ಕೂ ಶಿಫ್ಟ್ ಬೇಕು. ‘ಆಧಾರ’ ಎಂದು ಬರೆಯಲು A, D, A ಮೂರಕ್ಕೂ ಶಿಫ್ಟ್ ಹಿಡಿದು, ಕೊನೆಗೆ r ಒತ್ತಬೇಕು. A ಇರುವುದು ಎಡ ಕಿರುಬೆರಳಿನ ಕೆಳಗೆ. ಎಡ ಶಿಫ್ಟ್ ಒತ್ತುವುದೂ ಅದೇ ಕಿರುಬೆರಳು. ಬಲಗಡೆಯ ಶಿಫ್ಟ್ ಬಳಸುವ ಅಭ್ಯಾಸವಿಲ್ಲದವರು ಎಡ ಹಸ್ತವನ್ನೇ ಹೊರಕ್ಕೆ ತಿರುಚಿ ಎರಡನ್ನೂ ಒತ್ತುತ್ತಾರೆ. ಅರ್ಜಿ ಮೇಲೆ ಅರ್ಜಿ ಬಂದಂತೆ ಈ ತಿರುಚು ದಿನಕ್ಕೆ ಸಾವಿರಾರು ಸಲ ಆಗುತ್ತದೆ, ಮಣಿಕಟ್ಟಿನ ಕಿರುಬೆರಳ ಕಡೆ ಮತ್ತು ಮುಂಗೈ ನೋಯತೊಡಗುತ್ತದೆ. ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್ ಎಂದು ರೂಢಿ ಮಾಡಿಸುವುದು ಇದಕ್ಕೆ ಮೊದಲ ಉಪಾಯ. ನಡುವೆ ಸೀಳಿದಂತೆ ಎರಡು ಭಾಗವಾಗಿ ಓರೆಯಾಗಿರುವ ಕೀಬೋರ್ಡ್ ನೆರವಾಗುವುದೂ ಇಲ್ಲಿಯೇ. ಕೈಗಳು ಭುಜದ ಅಗಲಕ್ಕೆ ನೇರವಾಗಿ ಬರುವುದರಿಂದ ಮಣಿಕಟ್ಟು ಹೊರಕ್ಕೆ ಬಾಗುವುದು ಕಡಿಮೆಯಾಗುತ್ತದೆ. ‘ಇದರಲ್ಲಿ ಕನ್ನಡ ಬರುತ್ತದೆಯೇ?’ ಎಂದು ಮ್ಯಾನೇಜರ್ ಕೇಳಬಹುದು. ಅಕ್ಷರ ಮೂಡಿಸುವುದು ತಂತ್ರಾಂಶವಾದ್ದರಿಂದ ಯಾವ ಆಕಾರದ ಕೀಬೋರ್ಡಾದರೂ ನಡೆಯುತ್ತದೆ. ಆದರೆ ಎರಡೇ ಬೆರಳಲ್ಲಿ ಕೀ ನೋಡಿಕೊಂಡು ಹೊಡೆಯುವವರಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ.

ಅಂಕಿ ತುಂಬುವ ಏಳು ಜನರಿಗೆ ಬೇಕಾದದ್ದು ಇದಲ್ಲವೇ ಅಲ್ಲ. ಅವರ ಕೆಲಸವೆಲ್ಲ ಬಲಗೈಯ ನಂಬರ್ ಪ್ಯಾಡಿನಲ್ಲಿ. ಅದರಾಚೆ ಮೌಸ್. ಉದ್ದ ಕೀಬೋರ್ಡು ಮೌಸನ್ನು ದೂರ ತಳ್ಳಿರುವುದರಿಂದ ಅದೇ ಬಲಗೈ ಚಾಚಿ ಚಾಚಿ ಭುಜವೂ ಸೋಲುತ್ತದೆ. ಇವರಿಗೆ ನಂಬರ್ ಪ್ಯಾಡ್ ಇಲ್ಲದ ಗಿಡ್ಡ ಕೀಬೋರ್ಡ್ ಒಂದು, ಬೇಕಾದಲ್ಲಿ ಇಟ್ಟುಕೊಳ್ಳಬಹುದಾದ ಬಿಡಿ ನಂಬರ್ ಪ್ಯಾಡ್ ಒಂದು ಕೊಡಬೇಕು. ಪ್ಯಾಡ್ ಬಲ ಭುಜದ ಎದುರಿಗೇ ಬರುತ್ತದೆ, ಮೌಸನ್ನು ಎಡಗೈಗೆ ಬದಲಾಯಿಸಿಕೊಳ್ಳಲೂ ಜಾಗವಾಗುತ್ತದೆ.

ಇನ್ನು ರಿಸ್ಟ್ ರೆಸ್ಟ್. ಬಹುತೇಕ ಜನ ಅದರ ಮೇಲೆ ಮಣಿಕಟ್ಟು ಊರಿಕೊಂಡೇ ಟೈಪ್ ಮಾಡುತ್ತಾರೆ. ಮೊದಲೇ ಹೇಳಿದ ಸುರಂಗದ ಮೇಲೆ ಆಗ ನೇರವಾಗಿ ಒತ್ತಡ ಬೀಳುತ್ತದೆ, ಕೈ ಒಂದೇ ಕಡೆ ನಾಟಿಕೊಂಡದ್ದರಿಂದ ದೂರದ ಕೀಗೆ ಬೆರಳು ಮಾತ್ರ ಚಾಚಬೇಕಾಗುತ್ತದೆ. ಆ ಮೆತ್ತೆ ಇರುವುದು ಬಿಡುವಿಗೆ. ಒಂದು ಅರ್ಜಿ ಮುಗಿದು ಇನ್ನೊಂದು ತೆರೆದುಕೊಳ್ಳುವವರೆಗಿನ ಕೆಲವು ಕ್ಷಣ ಅಂಗೈ ಬುಡವನ್ನು, ಅಂದರೆ ಹೆಬ್ಬೆರಳು ಮತ್ತು ಕಿರುಬೆರಳಿನ ಕೆಳಗಿನ ದಪ್ಪ ಮಾಂಸದ ಭಾಗವನ್ನು, ಅದರ ಮೇಲಿಡಬೇಕು. ಟೈಪ್ ಮಾಡುವಾಗ ಕೈ ತೇಲುತ್ತಿರಬೇಕು. ಮೆತ್ತೆಯ ಎತ್ತರ ಕೀಬೋರ್ಡಿನ ಮುಂದಿನ ಅಂಚಿಗೆ ಸಮನಾಗಿರಬೇಕು. ತೆಳು ಕೀಬೋರ್ಡಿಗೆ ದಪ್ಪ ಮೆತ್ತೆ ತಂದರೆ ಇಲ್ಲದ ಬಾಗು ಹುಟ್ಟುತ್ತದೆ. ಒತ್ತಿದರೆ ಪೂರ್ತಿ ತಗ್ಗಿ ಹೋಗುವಷ್ಟು ಮೆದುವಾದರೂ ಬೇಡ.

ಇಷ್ಟು ತಿಳಿದ ಮೇಲೆ ಪತ್ರ ಹೀಗಿರಬಹುದು:

ಮಾನ್ಯರೇ,

ವಿಷಯ: ಡಾಟಾ ಎಂಟ್ರಿ ವಿಭಾಗಕ್ಕೆ ಕೀಬೋರ್ಡ್ ಮತ್ತು ರಿಸ್ಟ್ ರೆಸ್ಟ್‌ಗಳನ್ನು ಪ್ರಾಯೋಗಿಕವಾಗಿ ಒದಗಿಸುವ ಕುರಿತು.

ನಮ್ಮ ವಿಭಾಗದ 18 ಜನರಿಂದ ಹೆಸರಿಲ್ಲದ ಹಾಳೆಗಳಲ್ಲಿ ಮಾಹಿತಿ ಪಡೆದಿದ್ದೇನೆ. ಕನ್ನಡ ಅರ್ಜಿ ತುಂಬುವ 11 ಜನರಲ್ಲಿ 6 ಮಂದಿಗೆ ಎಡ ಮಣಿಕಟ್ಟಿನ ಕಿರುಬೆರಳ ಕಡೆ ನೋವಿದೆ. ಅಂಕಿ ತುಂಬುವ 7 ಜನರಲ್ಲಿ 4 ಮಂದಿಗೆ ಬಲ ಮುಂಗೈ ಮತ್ತು ಭುಜ ನೋಯುತ್ತದೆ. ಹಾಳೆಗಳ ಸಾರಾಂಶ ಲಗತ್ತಿಸಿದೆ.

ಖರ್ಚಿಲ್ಲದ ಬದಲಾವಣೆಗಳನ್ನು ಈ ವಾರ ಮಾಡಿದ್ದೇವೆ: ಕೀಬೋರ್ಡಿನ ಹಿಂಗಾಲು ಮಡಚಿದ್ದೇವೆ, ಕುರ್ಚಿಯ ಎತ್ತರ ಸರಿಪಡಿಸಿದ್ದೇವೆ, ಎರಡೂ ಶಿಫ್ಟ್ ಬಳಸುವುದನ್ನು ಅಭ್ಯಾಸ ಮಾಡಿಸುತ್ತಿದ್ದೇವೆ. ಪಾದ ನೆಲಕ್ಕೆ ತಾಗದ 5 ಮಂದಿಗೆ ಕಾಲ್ಮಣೆ ಬೇಕಾಗಿದೆ.

ಮೊದಲ ಹಂತದಲ್ಲಿ ಕನ್ನಡ ವಿಭಾಗದ 3 ಮಂದಿಗೆ ಎರಡು ಭಾಗದ ಕೀಬೋರ್ಡ್, ಅಂಕಿ ವಿಭಾಗದ 2 ಮಂದಿಗೆ ಗಿಡ್ಡ ಕೀಬೋರ್ಡ್ ಮತ್ತು ಬಿಡಿ ನಂಬರ್ ಪ್ಯಾಡ್, ಈ ಐವರಿಗೂ ಅವರವರ ಕೀಬೋರ್ಡಿನ ಎತ್ತರಕ್ಕೆ ಹೊಂದುವ ರಿಸ್ಟ್ ರೆಸ್ಟ್ ಕೊಡಿಸಬೇಕಾಗಿ ಕೋರುತ್ತೇನೆ. ಮೂರು ಅಂಗಡಿಗಳ ದರಪಟ್ಟಿ ಲಗತ್ತಿಸಿದೆ. ಹೊಸ ಕೀಬೋರ್ಡಿಗೆ ಕೈ ಕೂರುವವರೆಗೆ ವೇಗ ತಗ್ಗುವುದರಿಂದ ಮೊದಲ ಎರಡು ವಾರ ಈ ಐವರ ದಿನದ ಗುರಿ ಸಡಿಲಿಸಬೇಕು. ಆರು ವಾರದ ನಂತರ ಅದೇ ಹಾಳೆಗಳನ್ನು ಮತ್ತೆ ತುಂಬಿಸಿ, ಕೆಲಸದ ವೇಗ ಮತ್ತು ತಪ್ಪುಗಳ ಲೆಕ್ಕದೊಡನೆ ತಮಗೆ ವರದಿ ಒಪ್ಪಿಸುತ್ತೇನೆ. ಜೊತೆಗೆ, ಈಗಿರುವ ಬಿಡುವುಗಳಲ್ಲದೆ ಗಂಟೆಗೊಮ್ಮೆ ಐದು ನಿಮಿಷ ಕೈಬಿಡುವಿಗೆ ಅನುಮತಿ ಬೇಕಾಗಿದೆ.

ವಂದನೆಗಳೊಂದಿಗೆ,
ಮೇಲ್ವಿಚಾರಕರು, ಡಾಟಾ ಎಂಟ್ರಿ ವಿಭಾಗ

ಹದಿನೆಂಟು ಸೆಟ್ ಕೇಳುವ ಬದಲು ಐದನ್ನು ಕೇಳಿದ್ದು ಅಂಜಿಕೆಯಿಂದಲ್ಲ. ಕೈಯ ಅಳತೆ, ಟೈಪ್ ಮಾಡುವ ಕ್ರಮ ಒಬ್ಬೊಬ್ಬರದು ಒಂದೊಂದು ಥರ. ಎರಡು ಭಾಗದ ಕೀಬೋರ್ಡ್ ಒಗ್ಗದೆ ಒಂದೇ ವಾರದಲ್ಲಿ ಹಳೆಯದನ್ನೇ ಕೇಳುವವರೂ ಇರುತ್ತಾರೆ. ಗುರಿ ಸಡಿಲಿಸುವ ಮಾತು ಪತ್ರದಲ್ಲಿ ಇಲ್ಲದಿದ್ದರೆ ಇನ್‌ಸೆಂಟಿವ್ ಕಳೆದುಕೊಳ್ಳುವ ಹೆದರಿಕೆಗೆ ಎಲ್ಲರೂ ಹಳೆಯದಕ್ಕೇ ಮರಳುತ್ತಾರೆ. ಪ್ರಯೋಗ ಅಲ್ಲಿಗೇ ಸೋತಂತೆ.

ಪತ್ರದ ಕೊನೆಯ ಕೋರಿಕೆಗೇ ಮ್ಯಾನೇಜರ್ ಹೆಚ್ಚು ತಡವರಿಸುವುದು, ಅದಕ್ಕೆ ಕೈಯಲ್ಲೊಂದು ಆಧಾರ ಇಟ್ಟುಕೊಂಡಿರುವುದು ಒಳ್ಳೆಯದು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಸಂಶೋಧಕರು ಡಾಟಾ ಎಂಟ್ರಿ ಕೆಲಸಗಾರರ ಮೇಲೆ ನಡೆಸಿದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ಮಾಮೂಲಿನ ಎರಡು ವಿರಾಮಗಳ ಜೊತೆಗೆ ದಿನಕ್ಕೆ ಐದೈದು ನಿಮಿಷದ ನಾಲ್ಕು ಬಿಡುವು ಕೊಟ್ಟು ನೋಡಿದರು. ಕೈ, ಭುಜಗಳ ಬೇನೆಯೂ ಕಣ್ಣಿನ ಆಯಾಸವೂ ತಗ್ಗಿದವು. ಇಪ್ಪತ್ತು ನಿಮಿಷ ಕಡಿಮೆ ಕೂತರೂ ದಿನದ ಒಟ್ಟು ಕೆಲಸ ಕುಂದಲಿಲ್ಲ. ಬಿಡುವಿಗೆ ಬಿಡಿಗಾಸಿನ ಖರ್ಚೂ ಇಲ್ಲದ್ದರಿಂದ, ಸಾಮಾನಿನ ಮಂಜೂರಾತಿ ತಡವಾದರೂ ಇದೊಂದನ್ನು ನಾಳೆಯಿಂದಲೇ ಶುರು ಮಾಡಬಹುದು.

ಪತ್ರದಲ್ಲಿ ಬರೆಯಬಾರದ ಮಾತೊಂದಿದೆ: ‘ಈ ಕೀಬೋರ್ಡ್ ಬಂದರೆ ಕಾರ್ಪಲ್ ಟನಲ್ ತೊಂದರೆ ಬರುವುದಿಲ್ಲ.’ ಅದು ಸಾಬೀತಾದ ಸಂಗತಿಯಲ್ಲ. ಆ ಸುರಂಗದಲ್ಲಿ ನರ ಒತ್ತಿಹೋಗುವುದಕ್ಕೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆ ಕೂಡ ಕಾರಣವಾಗುತ್ತವೆ, ಟೈಪಿಂಗ್‌ನ ಪಾಲೆಷ್ಟು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಆದ್ದರಿಂದ ಕೈಚಿತ್ರದ ಹಾಳೆಯ ಕೆಳಗೆ ಇನ್ನೆರಡು ಪ್ರಶ್ನೆ ಸೇರಿಸಬೇಕು: ರಾತ್ರಿ ಜೋಮು ಹಿಡಿದು ಎಚ್ಚರವಾಗಿ ಕೈ ಕೊಡವಿಕೊಳ್ಳಬೇಕಾಗುತ್ತದೆಯೇ? ಹಿಡಿದ ಲೋಟ, ಕೀಲಿಕೈ ಕೈಜಾರುತ್ತದೆಯೇ? ಹೌದು ಎನ್ನುವವರಿಗೆ ಹೊಸ ಕೀಬೋರ್ಡಿನ ಸರದಿ ಕಾಯಿಸಬಾರದು. ಹಾಳೆಯಲ್ಲಿ ಹೆಸರು ಇರುವುದಿಲ್ಲವಾದ್ದರಿಂದ ಮೇಲ್ವಿಚಾರಕರು ಇಡೀ ವಿಭಾಗಕ್ಕೇ ಈ ಲಕ್ಷಣಗಳನ್ನು ಬಿಡಿಸಿ ಹೇಳಿ, ಇದ್ದವರು ಮೂಳೆ ಅಥವಾ ನರರೋಗ ವೈದ್ಯರಲ್ಲಿಗೆ ಹೋಗಿಬರಲು ಸಂಬಳ ಕಡಿತವಿಲ್ಲದ ಅರ್ಧ ದಿನದ ರಜೆಯನ್ನೂ ಅದೇ ಪತ್ರದಲ್ಲಿ ಕೇಳಿಬಿಡಬೇಕು. ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆಯುವ ಪರೀಕ್ಷೆ ಮಾಡಿದರೆ ತೊಂದರೆ ಎಲ್ಲಿದೆ, ಎಷ್ಟಿದೆ ಎಂದು ವೈದ್ಯರಿಗೆ ಗೊತ್ತಾಗುತ್ತದೆ. ಹೆಬ್ಬೆರಳಿನ ಬುಡದ ಮಾಂಸ ಕರಗತೊಡಗುವ ಮುಂಚೆ ಹೋದವರಿಗೆ ರಾತ್ರಿ ಹೊತ್ತು ಮಣಿಕಟ್ಟು ನೇರವಾಗಿಡುವ ಪಟ್ಟಿ ಕಟ್ಟಿಕೊಂಡು ಮಲಗುವುದರಿಂದಲೇ ಎಷ್ಟೋ ಸಲ ಆರಾಮ ಸಿಗುತ್ತದೆ.