ಅಂಗಳದ ಬಾವಿಗೆ ಹದಿನಾಲ್ಕು ಮೆಟ್ಟಿಲು

1849ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಕಾವ್ಯವೊಂದು ಅಚ್ಚಾಯಿತು. ಹೆಸರು ‘ದಿ ಕ್ಯಾಪ್ಟಿವ್ ಲೇಡಿ’. ಬರೆದವನು ಇಪ್ಪತ್ತೈದರ ಬಂಗಾಳಿ ತರುಣ, ಮೈಕೇಲ್ ಮಧುಸೂದನ ದತ್ತ. ಇಂಗ್ಲಿಷ್ ಕವಿಯಾಗಿ ಹೆಸರು ಮಾಡಬೇಕೆಂಬ ಹಟ ಅವನದು. ಪುಸ್ತಕ ಕಲ್ಕತ್ತೆಯಲ್ಲಿದ್ದ ಬೆಥೂನ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈ ಸೇರಿತು. ಆತ ಕೊಟ್ಟ ಸಲಹೆ ಇಷ್ಟೇ: ಇಷ್ಟು ಪ್ರತಿಭೆಯಿದ್ದರೆ ಅದನ್ನು ನಿಮ್ಮ ಭಾಷೆಗೆ ಕೊಡಿ.

ಸಲಹೆ ಕೆಲಸ ಮಾಡಲು ಹತ್ತು ವರ್ಷ ಬೇಕಾಯಿತು. 1860ರಲ್ಲಿ ಮಧುಸೂದನ ಗೆಳೆಯ ರಾಜನಾರಾಯಣ ಬಸುವಿಗೆ ಬರೆದ ಪತ್ರದಲ್ಲಿ, ಸಾನೆಟ್ಟನ್ನು ನಮ್ಮ ಭಾಷೆಗೆ ತರಬೇಕೆಂದಿದ್ದೇನೆ ಎಂದು ತಿಳಿಸಿ, ಮಾದರಿಗೆ ಒಂದು ಕವಿತೆಯನ್ನೂ ಜೊತೆಗಿಟ್ಟ. ಬಂಗಾಳಿಯ ಮೊದಲ ಸಾನೆಟ್ ಅದು. ಅದರ ವಸ್ತು ತಾಯ್ನುಡಿ. ಮುಂದೆ ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ, ಸಾಲದಲ್ಲಿ ಮುಳುಗಿ, ಈಶ್ವರಚಂದ್ರ ವಿದ್ಯಾಸಾಗರರು ಕಳಿಸಿದ ಹಣದಲ್ಲಿ ಮನೆ ನಡೆಸುತ್ತಿದ್ದ ಕಾಲದಲ್ಲಿ ಅವನು ಇಂಥ ನೂರರಷ್ಟು ಕವಿತೆ ಬರೆದ. 1866ರಲ್ಲಿ ಅವು ‘ಚತುರ್ದಶಪದೀ ಕವಿತಾವಳಿ’ ಎಂಬ ಸಂಕಲನವಾದವು. ತಿದ್ದಿದ ಆ ಮೊದಲ ಕವಿತೆ ಅದರಲ್ಲಿ ‘ಬಂಗಭಾಷಾ’ ಎಂಬ ಹೆಸರಿನಲ್ಲಿದೆ.

ಫೆಬ್ರವರಿ 21, ವಿಶ್ವ ತಾಯ್ನುಡಿ ದಿನ. 1952ರಲ್ಲಿ ಢಾಕಾದಲ್ಲಿ ಬಂಗಾಳಿಗಾಗಿ ಗುಂಡಿಗೆ ಬಲಿಯಾದವರ ನೆನಪಿನ ದಿನವದು. ಆ ದಿನ ಓದಲು ವಿಶ್ವವಿದ್ಯಾಲಯದ ಕಾವ್ಯಕೂಟವೊಂದು ಈ ಕವಿತೆಯನ್ನೇ ಕನ್ನಡಕ್ಕೆ ಒಗ್ಗಿಸಲು ಕೂತರೆ ಏನೇನು ಎದುರಾಗುತ್ತದೆ? ಮೊದಲ ನೋಟಕ್ಕೆ ಕೆಲಸ ಬಲು ಸುಲಭ. ಭಂಡಾರ, ರತ್ನ, ಭಿಕ್ಷೆ, ಕಮಲ, ಕುಲಲಕ್ಷ್ಮಿ ಇವೆಲ್ಲ ಸಂಸ್ಕೃತದಿಂದ ಎರಡೂ ಭಾಷೆಗೆ ಬಂದ ಮಾತುಗಳು. ಲಿಪಿ ಬದಲಿಸಿದರೆ ಅರ್ಧ ಕವಿತೆ ಕನ್ನಡವೇ ಆದಂತೆ ಕಾಣುತ್ತದೆ. ಎಡವುವುದು ಅಲ್ಲಿಂದಲೇ ಶುರು.

ಕವಿತೆಯ ನಡೆ ಹೀಗಿದೆ. ಮನೆಯ ಭಂಡಾರದಲ್ಲಿ ಬಗೆಬಗೆಯ ರತ್ನಗಳಿದ್ದರೂ ತಿಳಿಗೇಡಿಯಾದ ತಾನು ಅವನ್ನು ಕಡೆಗಣಿಸಿ, ಪರರ ಸಿರಿಗೆ ಆಸೆಪಟ್ಟು, ಹೊರನಾಡಿನಲ್ಲಿ ತಿರುಪೆ ಎತ್ತುತ್ತ ಅಲೆದೆ ಎಂದು ಕವಿ ಹೇಳಿಕೊಳ್ಳುತ್ತಾನೆ. ನಿದ್ದೆಗೆಟ್ಟು, ಉಪವಾಸವಿದ್ದು ತಪಸ್ಸು ಮಾಡಿದ್ದಾಯಿತು. ಆದರೆ ತಾವರೆಗೊಳ ಮರೆತು ಆಡಿದ್ದು ಪಾಚಿಯಲ್ಲಿ. ಇಲ್ಲಿಗೆ ಎಂಟು ಸಾಲು. ಒಂಬತ್ತನೆಯದರಲ್ಲಿ ಕನಸು. ಕುಲಲಕ್ಷ್ಮಿ ಬಂದು ಗದರುತ್ತಾಳೆ: ತಾಯ ಬೊಕ್ಕಸ ತುಂಬಿರುವಾಗ ನಿನಗೇಕೆ ಈ ಭಿಕಾರಿ ಪಾಡು, ಮನೆಗೆ ನಡೆ. ಅವನು ಮರಳುತ್ತಾನೆ. ಕೊನೆಯ ಎರಡು ಸಾಲಿನಲ್ಲಿ ಗಣಿ ಸಿಗುತ್ತದೆ. ಆ ಗಣಿಯೇ ತಾಯ್ನುಡಿ.

ಎಂಟು ಮತ್ತು ಆರು ಎಂಬ ಈ ಒಡೆತ ಇಟಲಿಯ ಸಾನೆಟ್ಟಿನದು. ಕೊನೆಗೆ ಜೋಡಿಪ್ರಾಸದ ಎರಡು ಸಾಲು ಬರುವುದು ಇಂಗ್ಲಿಷ್ ರೂಢಿ. ಮಧುಸೂದನ ಎರಡನ್ನೂ ಬೆಸೆದ. ಸಾಲಿನ ಅಳತೆ ಮಾತ್ರ ಬಂಗಾಳದ ಹಳೆಯ ಪಯಾರ ಛಂದಸ್ಸಿನದು: ಸಾಲಿಗೆ ಹದಿನಾಲ್ಕು ಅಕ್ಷರ, ಎಂಟಕ್ಕೊಂದು ನಿಲುಗಡೆ, ಮತ್ತೆ ಆರು. ಹದಿನಾಲ್ಕು ಸಾಲಿನ ಕವಿತೆ ಎಂಟಾರಾಗಿ ಒಡೆದರೆ, ಹದಿನಾಲ್ಕು ಅಕ್ಷರದ ಸಾಲೂ ಎಂಟಾರಾಗಿಯೇ ಒಡೆಯುತ್ತದೆ. ಹೊರಗಿಂದ ತಂದ ರೂಪ ಮನೆಯ ಅಳತೆಗೆ ಇಷ್ಟು ಚೆನ್ನಾಗಿ ಕೂತದ್ದು ಅಪರೂಪ.

ಕನ್ನಡದಲ್ಲಿ ಹದಿನಾಲ್ಕು ಅಕ್ಷರ ಎಣಿಸಿಟ್ಟರೆ ಸಾಲು ನಡೆಯುವುದಿಲ್ಲ. ಬಂಗಾಳಿ ಆಡುಮಾತಿನಲ್ಲಿ ಹ್ರಸ್ವ ದೀರ್ಘದ ಅಂತರ ಬಹುಮಟ್ಟಿಗೆ ಅಳಿದಿದೆ, ಹಾಗಾಗಿ ಅಕ್ಷರದ ಎಣಿಕೆ ಕಿವಿಗೆ ಸಾಕು. ಕನ್ನಡದ ಕಿವಿ ಎಣಿಸುವುದು ಮಾತ್ರೆಯನ್ನು. ‘ಕಮಲ’ ಮೂರಕ್ಷರ, ಮೂರು ಮಾತ್ರೆ. ‘ತಾವರೆ’ಯೂ ಮೂರಕ್ಷರವೇ, ಮಾತ್ರೆ ನಾಲ್ಕು. ‘ಭಂಡಾರ’ ಕೂಡ ಮೂರೇ ಅಕ್ಷರ, ಮಾತ್ರೆ ಐದು. ಅಕ್ಷರ ಸಮನಾದರೂ ಒಂದು ಸಾಲು ಓಡುತ್ತದೆ, ಇನ್ನೊಂದು ಕುಂಟುತ್ತದೆ. ಗಟ್ಟಿಯಾಗಿ ಓದಿದ ಕೂಡಲೇ ಇದು ಗೊತ್ತಾಗುತ್ತದೆ: ಓದುವವರು ಸಾಲಿನ ನಡುವೆ ಎಲ್ಲಿ ಉಸಿರೆಳೆಯಬೇಕೆಂದು ತಡಕಾಡುತ್ತಾರೆ. ಇದಕ್ಕೆ ಪರಿಹಾರ ನಮ್ಮ ರಗಳೆಯ ಮನೆಯಲ್ಲೇ ಇದೆ. ಐದೈದು ಮಾತ್ರೆಯ ನಾಲ್ಕು ಗಣ, ಒಟ್ಟು ಇಪ್ಪತ್ತು ಮಾತ್ರೆಯ ಸಾಲು. ಮಾಸ್ತಿಯವರ ‘ಮಲಾರ’, ಕುವೆಂಪು ಅವರ ‘ಕೃತ್ತಿಕೆ’ ಬಂದ ಮೇಲೆ ಕನ್ನಡಕ್ಕೆ ಸಾನೆಟ್ ಹೊಸತೇನೂ ಅಲ್ಲ. ‘ಸುನೀತ’ ಎಂಬ ಚೆಂದದ ಹೆಸರೂ ಅದಕ್ಕಿದೆ.

ಇನ್ನು ಪ್ರಾಸ. ಹಳೆಯ ಕನ್ನಡ ಕಾವ್ಯದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿತ್ತು. ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ಅದನ್ನು ಕೈಬಿಟ್ಟು ಬರೆದದ್ದು ದೊಡ್ಡ ಸುದ್ದಿಯಾಗಿತ್ತು. ಸಾನೆಟ್ಟಿಗೆ ಬೇಕಾದ್ದು ಸಾಲಿನ ಕೊನೆಯ ಪ್ರಾಸ. ಮಧುಸೂದನನ ಮೊದಲ ಎಂಟು ಸಾಲಿಗೆ ಇರುವುದು ಎರಡೇ ಪ್ರಾಸ, ಒಂದೊಂದೂ ನಾಲ್ಕು ಸಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ನೋಡಿದೆನು, ಓಡಿದೆನು, ಕಾಡಿದೆನು ಎಂದು ಪ್ರಾಸ ತಾನಾಗಿ ಉದುರುತ್ತದೆ. ಉದುರಿದ್ದನ್ನೆಲ್ಲ ಆರಿಸಿಕೊಂಡರೆ ಮೂರನೆಯ ಸಾಲಿಗೇ ಕವಿತೆ ಪಾಠ ಒಪ್ಪಿಸುವ ರಾಗಕ್ಕೆ ಬಿದ್ದುಬಿಡುತ್ತದೆ. ಮಧುಸೂದನನ ಎಂಟು ಸಾಲಿನಲ್ಲಿ ಒಂದು ಪ್ರಾಸ ಕ್ರಿಯಾಪದಗಳದು, ಇನ್ನೊಂದು ನಾಮಪದಗಳದು. ಕನ್ನಡದಲ್ಲಿ ‘ನೋಡಿ’ಗೆ ‘ಓಡಿ’ ಬೇಡ, ‘ಮೋಡಿ’ ಬರಲಿ, ‘ಜೋಡಿ’ ಬರಲಿ. ಒಂದು ಸಾಲು ಕ್ರಿಯೆಯಲ್ಲಿ, ಮುಂದಿನದು ವಸ್ತುವಿನಲ್ಲಿ ನಿಂತಾಗ ಕಿವಿ ಮಂಪರಿಗೆ ಬೀಳುವುದಿಲ್ಲ.

ಇಷ್ಟೂ ಅಳತೆಯ ಮಾತು. ಗಟ್ಟಿ ಪ್ರಶ್ನೆ ರೂಪಕದ್ದು. ರತ್ನ, ಭಂಡಾರ ಎಂದರೆ ಇವತ್ತಿನ ಕನ್ನಡ ಕಿವಿಗೆ ಏನು ಕೇಳುತ್ತದೆ? ಸನ್ಮಾನಪತ್ರ. ನವೆಂಬರ್ ಭಾಷಣಗಳಲ್ಲಿ ಸವೆದ ಮಾತುಗಳವು. ಮಧುಸೂದನನಿಗೆ ಅವು ಸವೆದಿರಲಿಲ್ಲ, ಏಕೆಂದರೆ ಅವನು ನಿಜಕ್ಕೂ ಸಿರಿವಂತ ಮನೆ ಬಿಟ್ಟು ಹೋದವನು. ಹಾಗಾದರೆ ಒಗ್ಗಿಸುವವರು ಇಲ್ಲಿನ ಒಂದು ವಸ್ತುವನ್ನು ಹುಡುಕಬಹುದು. ಅಂಗಳದ ಬಾವಿ ಅಂಥದ್ದು. ಇಪ್ಪತ್ತು ಮಾತ್ರೆಯ ಅಳತೆಗೆ ತಂದರೆ ಆರಂಭ ಹೀಗಿರಬಹುದು:

ಮನೆಯಂಗಳದ ಬಾವಿ ತುಂಬಿರಲು ಕಾಣದೆಯೆ
ಊರೂರು ಅಲೆದೆ ನಾ ಬೊಗಸೆ ನೀರನು ಬೇಡಿ

ಗಣ ಬಿಡಿಸಿದರೆ: ಮನೆಯಂಗ, ಳದ ಬಾವಿ, ತುಂಬಿರಲು, ಕಾಣದೆಯೆ. ಪ್ರತಿಯೊಂದರಲ್ಲೂ ಐದು ಮಾತ್ರೆ. ಸಾಲು ನಡೆಯುತ್ತದೆ. ಆದರೆ ಬಾವಿ ಬಂದದ್ದೇ ಕವಿತೆಯ ವಾದ ಬದಲಾಗುತ್ತದೆ. ರತ್ನವನ್ನು ನೂರು ವರ್ಷ ಮುಟ್ಟದಿದ್ದರೂ ರತ್ನವೇ. ಮನೆಗೆ ಮರಳಿ ಬೀಗ ತೆಗೆದರೆ ಸಾಕು. ಬಾವಿ ಹಾಗಲ್ಲ. ಸೇದದ ಬಾವಿಯಲ್ಲಿ ಹೂಳು ತುಂಬುತ್ತದೆ, ನೀರು ಕೆಡುತ್ತದೆ. ಮರಳಿ ಬಂದವರಿಗೆ ಕೆಲಸ ಕಾದಿರುತ್ತದೆ. ಹಾಗಾಗಿ ಮೂಲದಲ್ಲಿ ಗಣಿ ಸಿಗುವ ಜಾಗದಲ್ಲಿ, ಈ ರೂಪದ ಕೊನೆಯ ಜೋಡಿ ಬೇರೆಯೇ ಆಗಬೇಕು:

ಹಗ್ಗ ಹಿಡಿದಿಳಿದೆ ನಾ. ಹೂಳ ತೆಗೆದರೆ ಒರತೆ
ಬೊಗಸೆಯೊಡ್ಡಿದ ಕೈಗೆ ನೀರಿಗಿನ್ನೆಲಿ ಕೊರತೆ

ಇದು ಮಧುಸೂದನನ ಮಾತಲ್ಲ, ಅವನ ನಡೆಯನ್ನು ಹಿಡಿದ ಇನ್ನೊಂದು ಮಾತು. ಅನುವಾದ ಎಂದು ಕರೆದರೆ ಮೂಲಕ್ಕೆ ಅನ್ಯಾಯ. ವೇದಿಕೆಯ ಮೇಲೆ ಮೊದಲು ಬಂಗಾಳಿ ಮೂಲವನ್ನು ಓದಿಸಿ, ಅದರ ಸಾರವನ್ನು ಗದ್ಯದಲ್ಲಿ ಹೇಳಿ, ಆಮೇಲೆ ಈ ರೂಪವನ್ನು ಓದುವುದು ಪ್ರಾಮಾಣಿಕ ದಾರಿ. ರತ್ನವನ್ನೇ ಉಳಿಸಿಕೊಂಡು ನಿಷ್ಠೆಯಿಂದ ಅನುವಾದಿಸುವುದೂ ಮರ್ಯಾದೆಯ ಕೆಲಸವೇ. ಎರಡನ್ನೂ ಬೆರೆಸಿ, ಅಂಗಳದಲ್ಲಿ ಬಾವಿಯಿಟ್ಟು ಕೊನೆಗೆ ರತ್ನ ತೆಗೆಯುವುದು ಮಾತ್ರ ಸಲ್ಲದು.

ಕನಸಿನ ಭಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಂಗಾಳಿಯಲ್ಲಿ ದೇವಿ ಕವಿಯನ್ನು ಕರೆಯುವುದು ‘ತುಯಿ’ ಎಂಬ ಅತ್ಯಂತ ಸಲುಗೆಯ ಸರ್ವನಾಮದಲ್ಲಿ, ತಾಯಿ ಮಗುವನ್ನು ಗದರುವ ಹಾಗೆ. ಕನ್ನಡದಲ್ಲಿ ಅದಕ್ಕೆ ಬೇರೆ ಸರ್ವನಾಮವಿಲ್ಲ. ಸಲುಗೆ ಕ್ರಿಯಾಪದದ ಬಾಲದಲ್ಲಿರುತ್ತದೆ. ‘ಮನೆಗೆ ಹೋಗೋ’ ಎಂದರೆ ಅಮ್ಮನ ದನಿ ಥಟ್ಟನೆ ಕೇಳುತ್ತದೆ. ಆದರೆ ‘ಹೋಗೋ’ ಎಂದರೆ ಕೇಳುವವನು ಹುಡುಗನಾದ. ಓದುವವಳು ವಿದ್ಯಾರ್ಥಿನಿಯಾದರೆ ‘ಹೋಗೇ’ ಆಗಬೇಕು. ಬಂಗಾಳಿ ಕ್ರಿಯಾಪದಕ್ಕೆ ಲಿಂಗವಿಲ್ಲ, ಈ ತೊಡಕು ಅವರಿಗಿಲ್ಲ. ‘ಹೋಗು ಕಂದ’ ಎಂದರೆ ಇಬ್ಬರಿಗೂ ಒಪ್ಪುತ್ತದೆ, ಬೈಗುಳದ ಬಿಸಿ ತುಸು ಆರುತ್ತದೆ. ಮೇಲಿನ ಕೊನೆಯ ಸಾಲಿಗೂ ‘ಬಾಯಾರಿದವಗೀಗ’ ಎಂಬುದು ಮಾತ್ರೆಗೆ ಸರಿಯಾಗಿಯೇ ಕೂರುತ್ತಿತ್ತು. ಅದು ಗಂಡಸಿನ ಬಾಯಾರಿಕೆ ಮಾತ್ರ ಆಗುತ್ತದೆಂದು ‘ಬೊಗಸೆಯೊಡ್ಡಿದ ಕೈ’ ಬಂತು. ಕೈಗೆ ಲಿಂಗವಿಲ್ಲ.

ಕಾವ್ಯಕೂಟದಲ್ಲಿ ಕೊನೆಗೆ ಏಳಬೇಕಾದ ಪ್ರಶ್ನೆ ಶೀರ್ಷಿಕೆಯದು. ಬಂಗಾಳಿಯಲ್ಲಿ ಬಂಗಭಾಷೆಯೂ ತಾಯ್ನುಡಿಯೂ ಕವಿಗೆ ಒಂದೇ. ‘ಕನ್ನಡ ತಾಯ್ನುಡಿ’ ಎಂದು ಬರೆದರೆ ಕೂಟದಲ್ಲಿ ಕೂತ ಎಲ್ಲರ ಮಾತಾಗುತ್ತದೆಯೇ? ಒಬ್ಬಳ ಮನೆಯಲ್ಲಿ ತುಳು, ಇನ್ನೊಬ್ಬನ ಮನೆಯಲ್ಲಿ ಉರ್ದು, ಮತ್ತೊಬ್ಬರದು ಕೊಡವ ತಕ್ಕ್. ಮಾಸ್ತಿಯವರ ಮನೆಮಾತು ತಮಿಳು, ಗೋವಿಂದ ಪೈಯವರದು ಕೊಂಕಣಿ, ಬೇಂದ್ರೆಯವರದು ಮರಾಠಿ. ಕನ್ನಡವನ್ನು ಬೆಳೆಸಿದ ಇವರಲ್ಲಿ ಯಾರಿಗೂ ಅದು ಹೆತ್ತತಾಯಿ ಆಡಿದ ನುಡಿಯಲ್ಲ. ಬಾವಿಯ ರೂಪಕ ಇಲ್ಲಿಯೂ ಕೈಹಿಡಿಯುತ್ತದೆ. ಹದಿನಾಲ್ಕು ಸಾಲಿನಲ್ಲಿ ಭಾಷೆಯ ಹೆಸರನ್ನು ಎಲ್ಲಿಯೂ ಹೇಳದೆ, ‘ಮನೆಯಂಗಳ’ ಎಂಬಲ್ಲಿಗೆ ಬಿಟ್ಟರೆ, ಕನ್ನಡದಲ್ಲಿ ಬರೆದ ಈ ಕವಿತೆಯನ್ನು ತುಳುವಿನ ಹುಡುಗಿ ತನ್ನ ಮನೆಯ ಬಾವಿಯ ಕಟ್ಟೆಯ ಮೇಲೆ ನಿಂತೇ ಓದಬಹುದು.